ತೊಡೆಯೊಳಗಿನ ಗಂಟು: ಕತ್ತರಿಸುವ ಮೊದಲು ಆಗಬೇಕಾದ ಕೆಲಸಗಳು

ಮೈಮೇಲೆ ಗಂಟು ಇರುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಹೆಚ್ಚಿನವು ಕೊಬ್ಬಿನ ಗಡ್ಡೆಗಳು. ವರ್ಷಗಟ್ಟಲೆ ಸುಮ್ನೆ ಇರುತ್ತವೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಆದರೆ ಸ್ನಾಯು, ಕೊಬ್ಬು, ನರ, ರಕ್ತನಾಳ ಇಂಥ ಮೆದು ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಒಂದು ಇದೆ. ಅದಕ್ಕೆ ಸಾಫ್ಟ್ ಟಿಶ್ಯೂ ಸಾರ್ಕೋಮಾ ಅನ್ನುತ್ತಾರೆ. ಸುಮಾರು ನೂರು ಸಾಧು, ಅಂದರೆ ಕ್ಯಾನ್ಸರ್ ಅಲ್ಲದ, ಗಂಟುಗಳಿಗೆ ಇದು ಒಂದು. ದೊಡ್ಡವರಲ್ಲಿ ಕಾಣುವ ಎಲ್ಲ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಶೇಕಡಾ 1ರ ಆಸುಪಾಸು.

ತೊಂದರೆ ಶುರುವಾಗುವುದೇ ಇಲ್ಲಿ. ತಾಲ್ಲೂಕಿನ ಸರ್ಜನ್ ಒಬ್ಬರು ತೆಗೆದ ಗಂಟುಗಳೆಲ್ಲ ಸಾಧುವೇ ಆಗಿರುತ್ತವೆ. ಹಾಗಾಗಿ ಮುಂದಿನದೂ ಹಾಗೇ ಇರುತ್ತದೆ ಅನ್ನೋ ನಂಬಿಕೆ ಕೈಗೆ ಅಂಟಿಕೊಂಡಿರುತ್ತದೆ. ಸಾರ್ಕೋಮಾ ಇರಬಹುದು ಅನ್ನೋ ಯೋಚನೆಯೇ ಇಲ್ಲದೆ, ಎಂ.ಆರ್.ಐ. ಇಲ್ಲದೆ, ಬಯಾಪ್ಸಿ ಇಲ್ಲದೆ ಗಂಟು ತೆಗೆದುಬಿಡುವುದಕ್ಕೆ ವೈದ್ಯರ ಮಾತಿನಲ್ಲಿ 'ಅನ್‌ಪ್ಲಾನ್ಡ್ ಎಕ್ಸಿಶನ್' ಅನ್ನುತ್ತಾರೆ. ಅದರಿಂದ ಯಾಕೆ ಅಷ್ಟು ಹಾನಿ, ಅದನ್ನು ತಪ್ಪಿಸಲು ಯಾವ ಕೆಲಸ ಯಾವ ಕ್ರಮದಲ್ಲಿ ಆಗಬೇಕು ಅನ್ನೋದನ್ನು ಒಂದೇ ಉದಾಹರಣೆ ಹಿಡಿದು ನೋಡೋಣ. ರೋಗಿಗಳಿಗೂ ಉಪಯೋಗವಾಗಲಿ, ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಿರಿಯ ವೈದ್ಯರಿಗೂ ಉಪಯೋಗವಾಗಲಿ.

ಶಿರಸಿ ಕಡೆಯಲ್ಲಿ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಒಬ್ಬ ಕೊನೆಗೌಡರು ಅಂದುಕೊಳ್ಳಿ. ವಯಸ್ಸು 48. ಬಲ ತೊಡೆಯ ಮುಂಭಾಗದಲ್ಲಿ ಊತ. ಎಂಟು ತಿಂಗಳ ಹಿಂದೆ ಕಣ್ಣಿಗೆ ಬಿತ್ತು, ಈಗ ಪ್ಯಾಂಟ್ ಬಿಗಿಯಾಗುತ್ತಿದೆ. ಕೇಳಿದರೆ ಹೇಳುತ್ತಾರೆ: "ಎಂತಾ ಇಲ್ಲ ಡಾಕ್ಟ್ರೇ, ಮರ ಇಳಿವಾಗ ಪೆಟ್ಟಾಗಿದ್ದು. ನೋವೂ ಇಲ್ಲ. ಕೊನೆಕೊಯ್ಲು ಮುಗೀಲಿ ಅಂತ ಬಿಟ್ಟಿದ್ದೆ."

ಹೆಜ್ಜೆ 1: ಕೈಯಲ್ಲಿ ನೋಡಿ, ಟೇಪ್ ಹಿಡಿದು ಅಳೆಯಿರಿ

ಅವರ ಆ ಮಾತಿನಲ್ಲಿ ಎರಡು ಬಲೆಗಳಿವೆ. ಒಂದು ಪೆಟ್ಟು. ಪೆಟ್ಟಿನಿಂದ ಸಾರ್ಕೋಮಾ ಹುಟ್ಟುವುದಿಲ್ಲ. ಪೆಟ್ಟಾದ ಜಾಗ ಅಂತ ಮುಟ್ಟಿ ನೋಡಿದಾಗ ಮೊದಲೇ ಇದ್ದ ಗಂಟು ಸಿಗುತ್ತದೆ, ಅಷ್ಟೇ. ಪೆಟ್ಟಿನಿಂದ ರಕ್ತ ಹೆಪ್ಪುಗಟ್ಟಿದ್ದರೆ ಅದು ವಾರ ಕಳೆದಂತೆ ಕರಗಬೇಕು. ಆರು ವಾರವಾದರೂ ಕರಗದೆ ದೊಡ್ಡದಾಗುತ್ತಿದ್ದರೆ ಅದನ್ನು 'ಹೆಪ್ಪುಗಟ್ಟಿದ ರಕ್ತ' ಅಂತ ಕರೆಯುವುದನ್ನು ನಿಲ್ಲಿಸಬೇಕು. ಎರಡನೆಯದು ನೋವಿಲ್ಲದಿರುವುದು. ಸಾರ್ಕೋಮಾ ಬಹಳ ಸಲ ನೋಯುವುದೇ ಇಲ್ಲ. ಜ್ವರ ಬರುವುದಿಲ್ಲ, ತೂಕ ಇಳಿಯುವುದಿಲ್ಲ, ರಕ್ತ ಪರೀಕ್ಷೆಯೂ ಸರಿಯಾಗೇ ಇರುತ್ತದೆ. ಮನುಷ್ಯ ಗಟ್ಟಿಮುಟ್ಟಾಗಿ ಮರ ಹತ್ತುತ್ತಿರುತ್ತಾನೆ.

ಅನುಮಾನ ಹುಟ್ಟಿಸಬೇಕಾದ ಲಕ್ಷಣಗಳು ಇವು: ಗಂಟು 5 ಸೆಂಟಿಮೀಟರಿಗಿಂತ ದೊಡ್ಡದು, ಅಂದರೆ ದೊಡ್ಡ ನಿಂಬೆಹಣ್ಣಿಗಿಂತ ಜಾಸ್ತಿ; ಬೆಳೆಯುತ್ತಿದೆ; ಸ್ನಾಯುವಿನ ಮೇಲಿನ ಬಿಗಿ ಪೊರೆಗಿಂತ ಕೆಳಗಿದೆ; ಒಮ್ಮೆ ತೆಗೆದ ಮೇಲೆ ಮತ್ತೆ ಬಂದಿದೆ. ಹೊಸದಾಗಿ ನೋವು ಶುರುವಾದರೆ ಅದೂ ಸೇರಿಸಿಕೊಳ್ಳಿ. ಇದರಲ್ಲಿ ಒಂದಿದ್ದರೂ ಮುಂದಿನ ಹೆಜ್ಜೆ ಸ್ಕ್ಯಾನ್, ಆಪರೇಷನ್ ಅಲ್ಲ.

ಪೊರೆಗಿಂತ ಕೆಳಗಿದೆಯೋ ಮೇಲಿದೆಯೋ ತಿಳಿಯಲು ದುಡ್ಡು ಬೇಕಿಲ್ಲ. ರೋಗಿಯನ್ನು ಅಂಗಾತ ಮಲಗಿಸಿ. ಗಂಟನ್ನು ಬೆರಳಲ್ಲಿ ಹಿಡಿದು ಅಡ್ಡ, ಉದ್ದ ಅಲ್ಲಾಡಿಸಿ ನೋಡಿ. ಆಮೇಲೆ ಮಂಡಿ ಮಡಚದೆ ಕಾಲನ್ನು ಮೇಲೆತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಚರ್ಮದ ಕೆಳಗಿನ ಗಂಟಾದರೆ ಸ್ನಾಯು ಬಿಗಿಯಾದಾಗ ಇನ್ನೂ ಎದ್ದು ಕಾಣುತ್ತದೆ, ಮೊದಲಿನಂತೆ ಜಾರುತ್ತದೆ. ಆಳದ್ದಾದರೆ ಸ್ನಾಯುವಿನ ಜೊತೆ ಬಿಗಿದುಕೊಂಡು ಅಲ್ಲಾಡುವುದು ನಿಲ್ಲುತ್ತದೆ, ಕೆಲವೊಮ್ಮೆ ಕಣ್ಣಿಗೆ ಕಾಣದಂತೆ ಒಳಗೆ ಹೋಗುತ್ತದೆ. ನಮ್ಮ ಕೊನೆಗೌಡರ ಗಂಟು ಕಾಲು ಎತ್ತಿದ ಕೂಡಲೇ ನಿಂತುಬಿಟ್ಟಿತು. ಟೇಪಿನಲ್ಲಿ 9 ಸೆಂಟಿಮೀಟರ್. ಇಷ್ಟು ತಿಳಿಯಲು ಎರಡು ನಿಮಿಷ ಸಾಕು.

ಹೆಜ್ಜೆ 2: ಅಲ್ಟ್ರಾಸೌಂಡ್ ಎಲ್ಲಿಗೆ ಸಾಕು, ಎಲ್ಲಿಗೆ ಸಾಲದು

ಚರ್ಮದ ಕೆಳಗಿನ ಸಣ್ಣ ಮೆದು ಗಂಟಿಗೆ ಅಲ್ಟ್ರಾಸೌಂಡ್ ಒಳ್ಳೆಯದು. ಅದರಲ್ಲಿ ಸ್ಪಷ್ಟವಾಗಿ ಕೊಬ್ಬಿನ ಗಡ್ಡೆ ಅಂತ ಕಂಡರೆ ಅಲ್ಲಿಗೆ ಮುಗಿಯಿತು. ಸ್ಪಷ್ಟವಾಗಿ ಕಾಣದಿದ್ದರೆ ಗಂಟು 3 ಸೆಂಟಿಮೀಟರ್ ಇದ್ದರೂ ಅನುಮಾನದ ಪಟ್ಟಿಗೇ ಸೇರಿಸಿ. ಇದನ್ನು ಒತ್ತಿ ಹೇಳುತ್ತೇನೆ. ಯೋಚನೆಯಿಲ್ಲದೆ ತೆಗೆದು ಕೆಡಿಸಿದ ಸಾರ್ಕೋಮಾಗಳಲ್ಲಿ ಸಣ್ಣವು, ಮೇಲ್ಗಡೆ ಇದ್ದವೇ ಜಾಸ್ತಿ. ದೊಡ್ಡದನ್ನು ಕಂಡರೆ ಎಲ್ಲರೂ ಹೆದರುತ್ತಾರೆ. ಸಣ್ಣದನ್ನು ಕಂಡರೆ ಲೋಕಲ್ ಅನಸ್ತೇಸಿಯಾ ಇಂಜೆಕ್ಷನ್ ಕೊಟ್ಟು ತೆಗೆದುಬಿಡೋಣ ಅನಿಸುತ್ತದೆ.

ಆಳದ ಗಂಟಿಗೆ ಎಂ.ಆರ್.ಐ. ಬೇಕೇಬೇಕು, ಅದೂ ಬಯಾಪ್ಸಿಗೆ ಮೊದಲು. ಸೂಜಿ ಹೋದ ಮೇಲೆ ಒಳಗೆ ರಕ್ತ ಸೋರಿ ಚಿತ್ರ ಕಲಸಿಹೋಗುತ್ತದೆ. ಚೀಟಿಯಲ್ಲಿ ಬರೀ 'ತೊಡೆಯ ಎಂ.ಆರ್.ಐ.' ಅಂತ ಬರೆದರೆ ಸಾಲದು. ಗಂಟು ಇರುವ ಸ್ನಾಯುವಿನ ಕೋಣೆ, ಅಂದರೆ ಒಂದೇ ಪೊರೆಯೊಳಗಿನ ಸ್ನಾಯುಗಳ ಗುಂಪು, ಪೂರ್ತಿ ಬರಬೇಕು, ಚಿತ್ರದಲ್ಲಿ ಗಡ್ಡೆ ಎದ್ದು ಕಾಣಿಸುವ ಕಾಂಟ್ರಾಸ್ಟ್ ಇಂಜೆಕ್ಷನ್ ಸಮೇತ. ಕಾಂಟ್ರಾಸ್ಟ್ ಯಾಕೆ ಅಂದರೆ, ಮಿಕ್ಸಾಯ್ಡ್ ಅನ್ನೋ ಲೋಳೆಯಂಥ ಸಾರ್ಕೋಮಾಗಳು ಮಾಮೂಲಿ ಚಿತ್ರದಲ್ಲಿ ನೀರುಗುಳ್ಳೆಯ ಹಾಗೇ ಹೊಳೆಯುತ್ತವೆ. ನೀರುಗುಳ್ಳೆಯಾದರೆ ಅಂಚು ಮಾತ್ರ ಕಾಂಟ್ರಾಸ್ಟ್ ಹೀರುತ್ತದೆ. ಗಡ್ಡೆಯಾದರೆ ಒಳಗೂ ಹೀರುತ್ತದೆ. ಕಿಡ್ನಿ ತೊಂದರೆ ಇರುವವರು ಮೊದಲೇ ಹೇಳಬೇಕು.

ರಿಪೋರ್ಟಿನಲ್ಲಿ ಹುಡುಕಬೇಕಾದದ್ದು ಗಡ್ಡೆಯ ಉದ್ದ, ಅಗಲ, ಆಳ, ಅದು ಯಾವ ಸ್ನಾಯುವಿನಲ್ಲಿದೆ, ಮುಖ್ಯ ರಕ್ತನಾಳ, ನರ ಮತ್ತು ಎಲುಬಿನಿಂದ ಎಷ್ಟು ದೂರ. ಕೊಬ್ಬಿನ ಗಡ್ಡೆಯಾದರೆ ಅದು ಎಲ್ಲ ಚಿತ್ರಗಳಲ್ಲೂ ಚರ್ಮದ ಕೆಳಗಿನ ಕೊಬ್ಬಿನ ಬಣ್ಣದಲ್ಲೇ ಇರುತ್ತದೆ. ನಡುವೆ ದಪ್ಪ ಗೋಡೆಗಳು, ಕೊಬ್ಬಲ್ಲದ ಉಂಡೆಗಳು ಕಂಡರೆ ಕೊಬ್ಬಿನ ಸಾರ್ಕೋಮಾ, ಅಂದರೆ ಲೈಪೋಸಾರ್ಕೋಮಾ, ಅನುಮಾನಿಸಬೇಕು.

ಕೊನೆಗೌಡರ ರಿಪೋರ್ಟ್ ಹೀಗಿದೆ ಅನ್ನೋಣ: ತೊಡೆಯ ಮುಂಭಾಗದ ಸ್ನಾಯುಗಳ ನಡುವೆ 9 × 7 × 6 ಸೆಂಟಿಮೀಟರ್ ಗಡ್ಡೆ. ನಡುವೆ ಸತ್ತ ಭಾಗ ಇದೆ. ಸುತ್ತ ಊತ ಇದೆ. ಎಲುಬಿಗೆ ತಾಗಿಲ್ಲ. ದೊಡ್ಡ ರಕ್ತನಾಳಕ್ಕೂ ಗಡ್ಡೆಗೂ ನಡುವೆ ಸ್ನಾಯು ಉಳಿದಿದೆ. ಈ ಕೊನೆಯ ವಾಕ್ಯದ ಬೆಲೆ ಕೊನೆಗೌಡರ ಬಲಗಾಲು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹೆಜ್ಜೆ 3: ಬಯಾಪ್ಸಿ, ಅದೂ ಸರಿಯಾದ ಗೆರೆಯ ಮೇಲೆ

ಇಲ್ಲಿಂದ ಮುಂದಿನ ಕೆಲಸ ಕೊನೆಯ ಆಪರೇಷನ್ ಮಾಡುವ ಆಸ್ಪತ್ರೆಯಲ್ಲೇ ಆಗಬೇಕು. ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ ಹತ್ತಿರ. ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಮಣಿಪಾಲ, ಮಂಗಳೂರು. ಕಾರವಾರದವರು ಗೋವಾಕ್ಕೂ ಹೋಗುತ್ತಾರೆ. ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಅಂದರೆ ಬೆಂಗಳೂರಿನ ಕಿದ್ವಾಯಿ ಇದೆ. ಎಲ್ಲಿಗೆ ಹೋದರೂ ಕೇಳಬೇಕಾದ ಪ್ರಶ್ನೆ ಒಂದೇ: ಕ್ಯಾನ್ಸರ್ ಸರ್ಜನ್, ರೇಡಿಯೊಥೆರಪಿ ವೈದ್ಯರು, ಪೆಥಾಲಜಿಸ್ಟ್ ಮೂವರೂ ಕೂತು ಇದನ್ನು ಒಟ್ಟಿಗೆ ನೋಡುತ್ತಾರಾ? ಬಿ.ಪಿ.ಎಲ್. ಕಾರ್ಡ್ ಇರುವವರು ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಮಾಡಿಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ದೊಡ್ಡ ಆಸ್ಪತ್ರೆಯಲ್ಲಿ ಆ ಚೀಟಿಯನ್ನೇ ಮೊದಲು ಕೇಳುತ್ತಾರೆ. ಚೀಟಿ ಇಲ್ಲ ಅಂತ ಘಟ್ಟ ಹತ್ತಿ ವಾಪಸ್ ಬರುವುದು ಬೇಡ, ಅಲ್ವಾ?

ನಮ್ಮ ಕಡೆ ಗಂಟು ಅಂದರೆ ಮೊದಲು ಮಾಡಿಸುವುದು ಎಫ್.ಎನ್.ಎ.ಸಿ., ಸಣ್ಣ ಸೂಜಿಯ ಪರೀಕ್ಷೆ. ಖರ್ಚು ಕಡಿಮೆ. ಆದರೆ ಅದರಲ್ಲಿ ಬರುವುದು ಬಿಡಿ ಬಿಡಿ ಜೀವಕೋಶಗಳು. ಅಂಗಾಂಶದ ಕಟ್ಟು ಕಾಣುವುದಿಲ್ಲ. ಸಾರ್ಕೋಮಾದ ಜಾತಿ ಯಾವುದು, ಅದು ಎಷ್ಟು ಉಗ್ರ ಅನ್ನೋ ಗ್ರೇಡ್ ಎಷ್ಟು ಅಂತ ಹೇಳಲು ಕಟ್ಟೇ ಮುಖ್ಯ. 'ಕ್ಯಾನ್ಸರ್ ಕಣ ಕಂಡಿಲ್ಲ' ಅಂತ ಬಂದ ರಿಪೋರ್ಟ್ ಹಿಡಿದು 9 ಸೆಂಟಿಮೀಟರ್ ಗಡ್ಡೆಗೆ ಕತ್ತಿ ಇಡುವುದು ದೊಡ್ಡ ಅಪಾಯ.

ಬೇಕಾದದ್ದು ಕೋರ್ ಬಯಾಪ್ಸಿ. 14 ಅಥವಾ 16 ಗೇಜ್ ಸೂಜಿಯಲ್ಲಿ, ಅಲ್ಟ್ರಾಸೌಂಡ್ ನೋಡುತ್ತ, ಗಡ್ಡೆಯ ಜೀವಂತ ಭಾಗದಿಂದ ಹಲವು ಎಳೆ ತೆಗೆಯುತ್ತಾರೆ. ನಡುವಿನ ಸತ್ತ ಭಾಗದಿಂದ ತೆಗೆದರೆ ಪೆಥಾಲಜಿಸ್ಟಿಗೆ ಏನೂ ಸಿಗುವುದಿಲ್ಲ. ಸೂಜಿ ಎಲ್ಲಿಂದ ಒಳಗೆ ಹೋಗಬೇಕು ಅನ್ನೋದನ್ನು ಸರ್ಜನ್ ಪೆನ್ನಿನಲ್ಲಿ ಗುರುತು ಹಾಕಿ ಕೊಡಬೇಕು. ಮುಂದೆ ಆಪರೇಷನ್ನಿಗೆ ತೊಡೆಯ ಉದ್ದಕ್ಕೆ ಯಾವ ಗೆರೆಯಲ್ಲಿ ಕತ್ತರಿಸುತ್ತಾರೋ ಅದೇ ಗೆರೆಯ ಮೇಲೆ ಸೂಜಿ ಹೋಗಬೇಕು, ಒಂದೇ ಸ್ನಾಯುಕೋಣೆಯ ಒಳಗೆ, ರಕ್ತನಾಳದಿಂದ ದೂರ. ಸೂಜಿ ಹೋದ ದಾರಿಯನ್ನೂ ಗಡ್ಡೆಯ ಜೊತೆಗೇ ತೆಗೆಯುವ ಅನುಕೂಲಕ್ಕಾಗಿ ಹೀಗೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅಂತ ಹೆದರುವವರಿಗೂ ಇದೇ ಉತ್ತರ. ದಾರಿಯಲ್ಲಿ ಕಣ ಉಳಿಯುವುದು ಅಪರೂಪ, ಉಳಿದರೂ ಆ ದಾರಿಯೇ ಹೊರಗೆ ಹೋಗುತ್ತದೆ.

ಹೆಜ್ಜೆ 4: ಗ್ರೇಡ್, ಎದೆಯ ಸಿ.ಟಿ., ಆಮೇಲೆ ಹಂತ

ಪೆಥಾಲಜಿಸ್ಟ್ ಮೂರು ವಿಷಯಕ್ಕೆ ಅಂಕ ಕೊಡುತ್ತಾರೆ. ಕೋಶಗಳು ಮೂಲ ಅಂಗಾಂಶವನ್ನು ಎಷ್ಟು ಹೋಲುತ್ತವೆ ಅನ್ನೋದಕ್ಕೆ 1ರಿಂದ 3. ಎಷ್ಟು ಕೋಶಗಳು ಒಡೆದು ಎರಡಾಗುತ್ತಿವೆ ಅನ್ನೋದಕ್ಕೆ 1ರಿಂದ 3. ಸತ್ತ ಭಾಗಕ್ಕೆ 0ಯಿಂದ 2. ಮೊತ್ತ 2 ಅಥವಾ 3 ಆದರೆ ಗ್ರೇಡ್ 1, 4 ಅಥವಾ 5 ಆದರೆ ಗ್ರೇಡ್ 2, 6ರಿಂದ 8 ಆದರೆ ಗ್ರೇಡ್ 3. ಕೊನೆಗೌಡರದು 3, 2, 1. ಒಟ್ಟು 6, ಗ್ರೇಡ್ 3. ಜಾತಿ ಅನ್‌ಡಿಫರೆನ್ಶಿಯೇಟೆಡ್ ಪ್ಲಿಯೊಮಾರ್ಫಿಕ್ ಸಾರ್ಕೋಮಾ, ಅಂದರೆ ಯಾವ ಅಂಗಾಂಶದ ಹೋಲಿಕೆಯೂ ಉಳಿಯದ ಜಾತಿ.

ಸಾರ್ಕೋಮಾ ಹರಡಿದರೆ ಹೆಚ್ಚಾಗಿ ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗುತ್ತದೆ. ಅದಕ್ಕೆ ಎದೆಯ ಸಿ.ಟಿ. ಎಕ್ಸ್‌ರೇಯಲ್ಲಿ ಸಣ್ಣ ಚುಕ್ಕೆಗಳು ತಪ್ಪಿಹೋಗುತ್ತವೆ. ಮಿಕ್ಸಾಯ್ಡ್ ಲೈಪೋಸಾರ್ಕೋಮಾ ಒಂದು ಹಟಮಾರಿ. ಅದು ಬೆನ್ನುಮೂಳೆಗೂ ಹೊಟ್ಟೆಯ ಕೊಬ್ಬಿಗೂ ಹೋಗುವುದರಿಂದ ಅಲ್ಲೂ ಸ್ಕ್ಯಾನ್ ಬೇಕಾಗುತ್ತದೆ.

ಕ್ಯಾನ್ಸರಿನ ಹಂತ ಗುರುತಿಸಲು ಎ.ಜೆ.ಸಿ.ಸಿ. ಅನ್ನೋ ಅಮೆರಿಕದ ಸಮಿತಿ ಮಾಡಿದ, 2018ರಿಂದ ಬಳಕೆಯಲ್ಲಿರುವ ಪಟ್ಟಿಯ ಎಂಟನೇ ಆವೃತ್ತಿಯಲ್ಲಿ ಕೈಕಾಲಿನ ಗಡ್ಡೆಗೆ ಗಾತ್ರದ ಲೆಕ್ಕ ಸರಳ: 5 ಸೆಂಟಿಮೀಟರ್ ತನಕ ಟಿ1, 10ರ ತನಕ ಟಿ2, 15ರ ತನಕ ಟಿ3, ಅದಕ್ಕೂ ದೊಡ್ಡದು ಟಿ4. ಕೊನೆಗೌಡರ 9 ಸೆಂಟಿಮೀಟರ್ ಟಿ2. ಗ್ರೇಡ್ 3, ಎದೆ ಶುದ್ಧ, ದುಗ್ಧರಸ ಗ್ರಂಥಿಗಳಲ್ಲಿ ಏನೂ ಇಲ್ಲ. ಹಂತ 3ಎ. ಹಂತ 3 ಅಂದ ಕೂಡಲೇ ಮನೆಯವರು ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಬೇರೆಲ್ಲೂ ಹರಡಿಲ್ಲ, ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ನಡೆಯುತ್ತದೆ.

ಹೆಜ್ಜೆ 5: ಯೋಜನೆ ಹಾಕಿದ ಆಪರೇಷನ್ ಹೇಗಿರುತ್ತದೆ

ಇಂಥ ಗಡ್ಡೆಗೆ ಒಂದು ಸಾಮಾನ್ಯ ದಾರಿ ಮೊದಲು ರೇಡಿಯೊಥೆರಪಿ: 25 ಸಲಕ್ಕೆ ಹಂಚಿ ಒಟ್ಟು 50 ಗ್ರೇ ವಿಕಿರಣ, ಐದು ವಾರ. ಆಮೇಲೆ ನಾಲ್ಕರಿಂದ ಆರು ವಾರ ಬಿಟ್ಟು ಆಪರೇಷನ್. ಮೊದಲೇ ಕೊಟ್ಟರೆ ಗಾಯ ಮಾಯಲು ತೊಂದರೆ ಜಾಸ್ತಿ. ಆಮೇಲೆ ಕೊಟ್ಟರೆ ಡೋಸ್ 60 ಗ್ರೇ ಅಥವಾ ಅದಕ್ಕೂ ಜಾಸ್ತಿ ಬೇಕಾಗುತ್ತದೆ, ಜಾಗವೂ ದೊಡ್ಡದಾಗುತ್ತದೆ, ವರ್ಷಗಳ ನಂತರ ಕಾಲು ಬಿಗಿಯುವುದು ಜಾಸ್ತಿ. ಯಾವುದು ಸರಿ ಅನ್ನೋದನ್ನು ಆ ಮೂವರು ವೈದ್ಯರು ಕೂತು ತೀರ್ಮಾನಿಸುತ್ತಾರೆ.

ಆಪರೇಷನ್ನಿನಲ್ಲಿ ಸರ್ಜನ್ ಗಡ್ಡೆಯನ್ನು ನೋಡುವುದೇ ಇಲ್ಲ. ಸುತ್ತ ಸುಮಾರು 1ರಿಂದ 2 ಸೆಂಟಿಮೀಟರ್ ಆರೋಗ್ಯವಾದ ಸ್ನಾಯು, ಅಥವಾ ಒಂದು ಗಟ್ಟಿ ಪೊರೆ, ಮತ್ತು ಬಯಾಪ್ಸಿಯ ದಾರಿ ಎಲ್ಲ ಸೇರಿಸಿ ಒಂದೇ ಮುದ್ದೆಯಾಗಿ ತೆಗೆಯುತ್ತಾರೆ. ಕೊನೆಗೌಡರ ಎಂ.ಆರ್.ಐ.ಯಲ್ಲಿ ರಕ್ತನಾಳದ ಬದಿಯಲ್ಲಿ ಸ್ನಾಯು ಉಳಿದಿತ್ತಲ್ಲ, ಅದೇ ಈಗ ಆ ಬದಿಯ ಅಂಚು. ಸ್ವಲ್ಪ ಶಕ್ತಿ ಕಡಿಮೆಯಾಗುತ್ತದೆ, ಮರ ಹತ್ತುವ ಕೆಲಸ ಬಿಡಬೇಕಾಗಬಹುದು, ಆದರೆ ಕಾಲು ಉಳಿಯುತ್ತದೆ. ಕಾಲು ಉಳಿಸಿ ರೇಡಿಯೊಥೆರಪಿ ಕೊಟ್ಟರೂ ಕಾಲು ಕತ್ತರಿಸಿದರೂ ಬದುಕುಳಿಯುವಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನ ಅಧ್ಯಯನ 1982ರಲ್ಲೇ ತೋರಿಸಿತು.

ಅದೇ ಗಂಟನ್ನು ಸುಮ್ನೆ ತೆಗೆದಿದ್ದರೆ

ಈಗ ಅದೇ ಮನುಷ್ಯ, ಅದೇ ಗಂಟು. ಎಂ.ಆರ್.ಐ. ಇಲ್ಲ. 'ಕೊಬ್ಬಿನ ಗಡ್ಡೆ, ಅರ್ಧ ಗಂಟೆ ಕೆಲಸ' ಅಂದರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಚರ್ಮದ ಮಡಿಕೆಯ ಗುಂಟ ಅಡ್ಡಕ್ಕೆ ಕತ್ತರಿಸಿದರು, ಕಲೆ ಚೆನ್ನಾಗಿ ಮಾಯಲಿ ಅಂತ. ಬೆರಳು ಹಾಕಿ ಸುತ್ತ ಬಿಡಿಸಿದರು. ಗಡ್ಡೆ ಸಲೀಸಾಗಿ ಹೊರಗೆ ಬಂತು, ಸುತ್ತ ಒಂದು ಚೀಲದ ಹಾಗೆ ಪೊರೆ ಇತ್ತು. 'ಪೂರ್ತಿ ಬಂತು' ಅಂತ ಮನೆಯವರಿಗೆ ತೋರಿಸಿದರು.

ಮೋಸ ಇರುವುದು ಆ ಪೊರೆಯಲ್ಲಿ. ಸಾರ್ಕೋಮಾ ಬೆಳೆಯುವಾಗ ಸುತ್ತಲಿನ ಅಂಗಾಂಶವನ್ನು ಹೊರಗೆ ಒತ್ತುತ್ತದೆ. ಒತ್ತಿ ಚಪ್ಪಟೆಯಾದ ಆ ಪದರವೇ ಪೊರೆಯಂತೆ ಕಾಣುತ್ತದೆ. ಅದು ನಿಜವಾದ ಚೀಲ ಅಲ್ಲ. ಗಡ್ಡೆಯ ಕಣಗಳು ಅದರೊಳಗೂ ಇರುತ್ತವೆ, ಅದರಾಚೆ ಊದಿದ ಪದರದಲ್ಲೂ ಇರುತ್ತವೆ. ಅದೇ ಪದರದಲ್ಲಿ ಬೆರಳು ಓಡಿಸಿದರೆ ಬಿಡಿಸುವುದು ಸುಲಭ. ಆದರೆ ಕಣಗಳು ಹಿಂದೆ ಉಳಿಯುತ್ತವೆ. ಹೀಗೆ ತೆಗೆದವರಿಗೆ ಮತ್ತೆ ಆಪರೇಷನ್ ಮಾಡಿ ಆ ಜಾಗ ಪರೀಕ್ಷಿಸಿದಾಗ ಗಡ್ಡೆ ಉಳಿದಿರುವುದು ಬಹಳ ಸಲ ಕಾಣುತ್ತದೆ. ಕೆಲವು ವರದಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ.

ಉಳಿದ ಹಾನಿ ಒಂದರ ಮೇಲೊಂದು ಬರುತ್ತದೆ. ಖಾಲಿಯಾದ ಗುಂಡಿಯಲ್ಲಿ ರಕ್ತ ತುಂಬಿ ಸ್ನಾಯುಗಳ ನಡುವೆ ಮೇಲೆ ಕೆಳಗೆ ಇಳಿಯುತ್ತದೆ, ಕಣಗಳನ್ನೂ ಜೊತೆಗೆ ಒಯ್ಯುತ್ತದೆ. ಡ್ರೈನ್ ಪೈಪನ್ನು ಗಾಯದಿಂದ ದೂರ, ತೊಡೆಯ ಪಕ್ಕದಲ್ಲಿ ಹೊರತಂದರೆ ಆ ತೂತೂ ಈಗ ಕಲುಷಿತ. ಎರಡನೇ ಆಪರೇಷನ್ನಿನಲ್ಲಿ ಉದ್ದಕ್ಕೆ ಕತ್ತರಿಸಬೇಕು, ಆದರೆ ಅಡ್ಡ ಗಾಯವನ್ನೂ ಡ್ರೈನ್ ತೂತನ್ನೂ ಸೇರಿಸಿ ತೆಗೆಯಬೇಕು. ಉದ್ದ ಗಾಯ ಮಾತ್ರ ಇದ್ದಿದ್ದರೆ ಚರ್ಮದ ಸಣ್ಣ ಪಟ್ಟಿ ಹೋಗುತ್ತಿತ್ತು, ಅಂಚು ಸೇರಿಸಿ ಹೊಲಿಯಬಹುದಿತ್ತು. ಈಗ ಅಂಗೈಯಗಲದ ಚರ್ಮ ಹೋಗುತ್ತದೆ. ಮುಚ್ಚಲು ಬೇರೆ ಕಡೆಯಿಂದ ಸ್ನಾಯು, ಚರ್ಮ ತರಬೇಕು. ರಕ್ತನಾಳದ ಪಕ್ಕ ಉಳಿದಿದ್ದ ಆ ಸ್ನಾಯುವಿನ ತನಕ ಬೆರಳು ಹೋಗಿದ್ದರೆ ಅದೂ ಈಗ ಅಂಚಾಗಿ ಉಳಿದಿಲ್ಲ. ಕಾಲು ಉಳಿಯುವುದೇ ಅನುಮಾನವಾಗುವುದು ಇಂಥ ಕಡೆ. ರೇಡಿಯೊಥೆರಪಿಗೂ ಗುರಿ 9 ಸೆಂಟಿಮೀಟರ್ ಗಡ್ಡೆ ಅಲ್ಲ, ಕತ್ತಿ, ಬೆರಳು, ರಕ್ತ ಮುಟ್ಟಿದ ಜಾಗ ಪೂರ್ತಿ.

ಆಯಸ್ಸಿನ ಮೇಲೆ ಇದರ ಪರಿಣಾಮ ಎಷ್ಟು ಅನ್ನೋದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಸರಿಯಾಗಿ ಮತ್ತೆ ತೆಗೆದು ರೇಡಿಯೊಥೆರಪಿ ಕೊಟ್ಟವರಲ್ಲಿ ಅನೇಕರು ಚೆನ್ನಾಗಿಯೇ ಇರುತ್ತಾರೆ. ಆದರೆ ಅದಕ್ಕೆ ಅವರು ತೆರುವ ಬೆಲೆ ಹೆಚ್ಚು: ಇನ್ನೊಂದು ದೊಡ್ಡ ಆಪರೇಷನ್, ಚರ್ಮದ ಕಸಿ, ಹೆಚ್ಚು ಜಾಗಕ್ಕೆ ರೇಡಿಯೊಥೆರಪಿ. ಗಡ್ಡೆ ಉಳಿದಿದ್ದರೆ ಅದೇ ಜಾಗದಲ್ಲಿ ಮತ್ತೆ ಬರುವ ಸಾಧ್ಯತೆಯೂ ಜಾಸ್ತಿ.

ಎಲ್ಲಕ್ಕಿಂತ ಕೆಟ್ಟದ್ದು ಬೇರೆ ಇದೆ. ತೆಗೆದ ಗಡ್ಡೆಯನ್ನು ಪರೀಕ್ಷೆಗೇ ಕಳಿಸದೆ ಬಕೆಟ್ಟಿಗೆ ಹಾಕುವುದು. ಆಗ ಅದು ಮರಳಿ ಬಂದಾಗಲೇ ಗೊತ್ತಾಗುವುದು. ತೆಗೆದ ಪ್ರತಿ ಗಂಟೂ ಪೆಥಾಲಜಿಗೆ ಹೋಗಬೇಕು. ರೋಗಿಗಳು "ರಿಪೋರ್ಟ್ ಯಾವಾಗ ಸಿಗುತ್ತೆ?" ಅಂತ ಕೇಳಿ, ಅದರಲ್ಲಿ ಸಂಕೋಚ ಬೇಡ.

ಈಗಾಗಲೇ ತೆಗೆದಾಗಿದ್ದರೆ

ರಿಪೋರ್ಟಿನಲ್ಲಿ ಸಾರ್ಕೋಮಾ ಅಂತ ಬಂದರೆ ಅದೇ ಊರಲ್ಲಿ 'ಇನ್ನೊಂಚೂರು ಸುತ್ತ ತೆಗೆಯೋಣ' ಅಂತ ಮತ್ತೆ ಕತ್ತರಿಸಬಾರದು. ಮೊದಲು ಲ್ಯಾಬಿನಿಂದ ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಪಡೆಯಿರಿ. ಬರೀ ಕಾಗದದ ರಿಪೋರ್ಟ್ ಸಾಲದು, ದೊಡ್ಡ ಆಸ್ಪತ್ರೆಯ ಪೆಥಾಲಜಿಸ್ಟ್ ಅವನ್ನು ಮತ್ತೆ ನೋಡುತ್ತಾರೆ. ಜಾತಿ, ಗ್ರೇಡ್ ಬದಲಾಗುವುದುಂಟು. ಆಪರೇಷನ್ ಮಾಡಿದ ವೈದ್ಯರಿಂದ ಆಪರೇಷನ್ ನೋಟ್ಸ್ ಬರೆಸಿಕೊಳ್ಳಿ: ಗಡ್ಡೆ ಎಷ್ಟು ದೊಡ್ಡದಿತ್ತು, ಯಾವ ಪದರದಲ್ಲಿತ್ತು, ತುಂಡಾಗಿ ಬಂತಾ ಇಡಿಯಾಗಿ ಬಂತಾ, ಡ್ರೈನ್ ಎಲ್ಲಿ ಹಾಕಿದ್ದರು. ಜಗಳಕ್ಕಲ್ಲ, ಮುಂದಿನ ಸರ್ಜನ್ನಿಗೆ ಗಡಿ ಗೊತ್ತಾಗಲು ಇದೇ ನಕ್ಷೆ. ಮೊದಲು ಮಾಡಿಸಿದ ಅಲ್ಟ್ರಾಸೌಂಡ್ ಚಿತ್ರ ಇದ್ದರೆ ಅದನ್ನೂ ಎಸೆಯಬೇಡಿ.

ಆಮೇಲೆ ಕಾಂಟ್ರಾಸ್ಟ್ ಎಂ.ಆರ್.ಐ. ಮತ್ತು ಎದೆಯ ಸಿ.ಟಿ. ಆಪರೇಷನ್ ಆದ ಕೂಡಲೇ ತೆಗೆದ ಎಂ.ಆರ್.ಐ.ಯಲ್ಲಿ ಊತಕ್ಕೂ ಉಳಿದ ಗಡ್ಡೆಗೂ ವ್ಯತ್ಯಾಸ ಹೇಳುವುದು ಕಷ್ಟ, ಆದ್ದರಿಂದ ಯಾವಾಗ ತೆಗೆಯಬೇಕು ಅನ್ನೋದನ್ನು ಆ ಆಸ್ಪತ್ರೆಯವರೇ ಹೇಳಲಿ. ಚಿತ್ರದಲ್ಲಿ ಏನೂ ಕಾಣದಿದ್ದರೂ ಏನೂ ಉಳಿದಿಲ್ಲ ಅಂತ ಅರ್ಥವಲ್ಲ. ಹಾಗಾಗಿ ಹೆಚ್ಚಿನವರಿಗೆ ಹಳೆ ಗಾಯದ ಜಾಗವನ್ನು ಪೂರ್ತಿ ಮತ್ತೆ ತೆಗೆಯುವುದು, ರೇಡಿಯೊಥೆರಪಿ ಇವೆರಡರ ಯೋಜನೆ ಆಗುತ್ತದೆ.

ಚಿಕಿತ್ಸೆ ಮುಗಿದ ಮೇಲೆ ಮೊದಲ ಎರಡು ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತೊಡೆ ಮತ್ತು ಎದೆ ನೋಡಿಸಬೇಕು. ಆಮೇಲೆ ಅಂತರ ಹೆಚ್ಚಿಸುತ್ತಾರೆ. ಆ ನಡುವೆ ಗಾಯದ ಕಲೆಯ ಪಕ್ಕ ಹೊಸ ಗಂಟು ಕೈಗೆ ಸಿಕ್ಕರೆ, ಅದು ಕಡಲೆಕಾಳಿನಷ್ಟಿದ್ದರೂ, ಹತ್ತಿರದ ಕ್ಲಿನಿಕ್ಕಿನಲ್ಲಿ ಕೊಯ್ಸಬೇಡಿ. ಆಪರೇಷನ್ ಮಾಡಿದ ಆಸ್ಪತ್ರೆಗೇ ಫೋನ್ ಮಾಡಿ, ಮುಂದಿನ ತಪಾಸಣೆಯ ದಿನದ ತನಕ ಕಾಯಬೇಡಿ.